ಲೈಸೆನ್ಸ್ ಇರುವ ಸಂಗೀತಕ್ಕೂ ಕ್ಲೈಮ್ ಬಂತೇ? ಮೊದಲ 5 ದಿನದಲ್ಲಿ ಮಾಡಬೇಕಾದ್ದು

ಕಳೆದ ವರ್ಷ ಹಳೆಯ ಮರದ ಕುರ್ಚಿಗೆ ಪಾಲಿಶ್ ಹಾಕುವ 12 ನಿಮಿಷದ ವಿಡಿಯೊವೊಂದನ್ನು ಯೂಟ್ಯೂಬ್‌ಗೆ ಹಾಕಿದ್ದೆ. ಮಾತಿಲ್ಲದ ಕಡೆ 40 ಸೆಕೆಂಡ್ ಗಿಟಾರ್ ಸಂಗೀತ ಇತ್ತು. ದುಡ್ಡು ಕೊಟ್ಟು, ಲೈಸೆನ್ಸ್ ಪಡೆದೇ ಬಳಸಿದ್ದು. ಆದರೂ ಅಪ್‌ಲೋಡ್ ಆದ ಸ್ವಲ್ಪ ಹೊತ್ತಿಗೇ ಕಾಪಿರೈಟ್ ಕ್ಲೈಮ್ ಬಂತು. ಬರೀ 40 ಸೆಕೆಂಡ್ ಅಲ್ವಾ ಅಂತ ಸುಮ್ನೆ ಬಿಡುವ ಹಾಗಿಲ್ಲ. ಇಂಥ ಕ್ಲೈಮ್ ಬಿದ್ದರೆ ಸಾಮಾನ್ಯವಾಗಿ ಇಡೀ ವಿಡಿಯೊದ ಜಾಹೀರಾತು ಹಣ ಕ್ಲೈಮ್ ಮಾಡಿದವರ ಕಡೆ ಹೋಗುತ್ತದೆ.

ಲೈಸೆನ್ಸ್ ಇದ್ದರೂ ಕ್ಲೈಮ್ ಯಾಕೆ ಬರುತ್ತದೆ? ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ನಮ್ಮ ವಿಡಿಯೊದ ಧ್ವನಿಯನ್ನು ಹಕ್ಕುದಾರರು ಕೊಟ್ಟಿರುವ ಫೈಲ್‌ಗಳ ಜೊತೆ ಹೋಲಿಸಿ ನೋಡುತ್ತದೆ, ಅಷ್ಟೇ. ನಮ್ಮ ಹತ್ತಿರ ರಸೀದಿ ಇದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಇದನ್ನು ಸ್ಟ್ರೈಕ್ ಅಂದುಕೊಂಡು ಗಾಬರಿಯಿಂದ ವಿಡಿಯೊ ಅಳಿಸಬೇಡಿ. ಕ್ಲೈಮ್ ಆ ಒಂದು ವಿಡಿಯೊಗೆ ಸೇರಿದ್ದು. ಸ್ಟ್ರೈಕ್ ಇಡೀ ಚಾನೆಲ್‌ಗೆ ಬೀಳುವಂಥದ್ದು, ಅದೂ ಹಕ್ಕುದಾರರು ವಿಡಿಯೊ ತೆಗೆಸಲು ಕಾನೂನಿನ ಪ್ರಕಾರ ಕೇಳಿದಾಗ ಮಾತ್ರ.

ಮೊದಲು ಕ್ಲೈಮ್‌ನ ವಿವರ ಓದಿ. ಯೂಟ್ಯೂಬ್ ಸ್ಟುಡಿಯೊದಲ್ಲಿ `Content` ತೆರೆದು, ಆ ವಿಡಿಯೊದ ಸಾಲಿನಲ್ಲಿ `Copyright` ಅಂತ ಇರುವುದನ್ನು ನೋಡಿ. ಯಾವ ಟ್ರ್ಯಾಕ್, ಎಷ್ಟನೇ ನಿಮಿಷದಿಂದ ಎಷ್ಟರವರೆಗೆ, ಯಾರು ಕ್ಲೈಮ್ ಮಾಡಿದ್ದಾರೆ ಎಲ್ಲವೂ ಸಿಗುತ್ತದೆ. ನೀವು ಬಳಸಿದ ಟ್ರ್ಯಾಕೇ ಹೌದಾ ಅಂತ ಆ ಭಾಗ ಕೇಳಿ ಖಚಿತ ಮಾಡಿಕೊಳ್ಳಿ.

ಆಮೇಲೆ ಲೈಸೆನ್ಸ್ ತೆಗೆದು ನಿಧಾನಕ್ಕೆ ಓದಿ. ನನ್ನ ಪ್ರಕಾರ ಹೆಚ್ಚಿನವರು ಎಡವುವುದು ಇಲ್ಲೇ. ಅದರಲ್ಲಿ ನಿಮ್ಮ ಚಾನೆಲ್ ಹೆಸರಿದೆಯೇ? ಹಣ ಗಳಿಸುವ ವಿಡಿಯೊಗೆ ಅನುಮತಿ ಇದೆಯೇ? ತಿಂಗಳ ಚಂದಾ ಕಟ್ಟಿ ಪಡೆದದ್ದಾದರೆ, ವಿಡಿಯೊ ಪ್ರಕಟವಾದ ದಿನ ಚಂದಾ ಚಾಲ್ತಿಯಲ್ಲಿತ್ತೇ? ಹಾಡು ಕೇಳುವ ಆ್ಯಪ್‌ಗೆ ದುಡ್ಡು ಕಟ್ಟಿದ್ದರೆ ಅದು ಕೇಳುವುದಕ್ಕೆ ಮಾತ್ರ, ವಿಡಿಯೊಗೆ ಹಾಕುವುದಕ್ಕಲ್ಲ. ಇನ್ನೊಬ್ಬರ ವಿಡಿಯೊ ಕೆಳಗೆ ‘ಕಾಪಿರೈಟ್ ಇಲ್ಲ’ ಅಂತ ಬರೆದಿದ್ದನ್ನು ನಂಬಿ ತಂದದ್ದೂ ಲೈಸೆನ್ಸ್ ಅಲ್ಲ.

ಲೈಸೆನ್ಸ್ ಸರಿಯಿದ್ದರೆ ಸಂಗೀತ ಕೊಟ್ಟ ಲೈಬ್ರರಿಗೆ ವಿಡಿಯೊದ ಲಿಂಕ್ ಕಳಿಸಿ. ಎಷ್ಟೋ ಲೈಬ್ರರಿಗಳು ತಾವೇ ಕ್ಲೈಮ್ ಬಿಡಿಸಿಕೊಡುತ್ತವೆ. ಆದರೆ ಅವರ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಕ್ಲೈಮ್ ಬಂದ 5 ದಿನದೊಳಗೆ ತಕರಾರು ಹಾಕಿದರೆ, ಮೊದಲ ದಿನದಿಂದ ಬಂದ ಹಣವನ್ನು ಯೂಟ್ಯೂಬ್ ಯಾರಿಗೂ ಕೊಡದೆ ತಡೆಹಿಡಿಯುತ್ತದೆ. ನನಗೆ ಕ್ಲೈಮ್ ಬಂದದ್ದು 1ನೇ ತಾರೀಖು, ತಕರಾರು ಹಾಕಿದ್ದು 4ಕ್ಕೆ. ಅದನ್ನೇ 9ಕ್ಕೆ ಹಾಕಿದ್ದರೆ, ತಡೆಹಿಡಿಯುವುದು 9ರಿಂದ ಶುರುವಾಗುತ್ತಿತ್ತು. ವಿಡಿಯೊ ಹೊಸದಾಗಿ ಜಾಸ್ತಿ ಓಡುವ ದಿನಗಳ ಹಣವೇ ಕೈತಪ್ಪುತ್ತಿತ್ತು.

ತಕರಾರು ಹಾಕಲು `Dispute` ಆರಿಸಿ, ಕಾರಣ ಕೇಳಿದಾಗ `License` ಅನ್ನುವುದನ್ನು ಒತ್ತಿ. ವಿವರಣೆಯಲ್ಲಿ ಕೋಪ ಬೇಡ, ಮಾಹಿತಿ ಸಾಕು. ನಾನು ಬರೆದದ್ದರ ಸಾರ ಇಷ್ಟು: “1:10ರಿಂದ 1:50ರವರೆಗೆ ಇರುವ ಈ ಟ್ರ್ಯಾಕ್‌ಗೆ ಇಂಥ ಲೈಬ್ರರಿಯಿಂದ ಇಂಥ ದಿನ ಲೈಸೆನ್ಸ್ ಪಡೆದಿದ್ದೇನೆ. ಲೈಸೆನ್ಸ್ ಸಂಖ್ಯೆ ಇದು. ಇದರಲ್ಲಿ ನನ್ನ ಚಾನೆಲ್ ಸೇರಿದೆ, ಹಣ ಗಳಿಸುವ ಬಳಕೆಗೆ ಅನುಮತಿ ಇದೆ.” ಇದನ್ನು ಓದುವವರು ಕ್ಲೈಮ್ ಮಾಡಿದವರೇ. ಹಾಗಾಗಿ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ.

ಉತ್ತರಿಸಲು ಅವರಿಗೆ 30 ದಿನ ಇರುತ್ತದೆ. ಒಪ್ಪಿ ಬಿಟ್ಟುಕೊಟ್ಟರೆ ಅಥವಾ ಉತ್ತರವನ್ನೇ ಕೊಡದಿದ್ದರೆ ಕ್ಲೈಮ್ ಹೋಗುತ್ತದೆ, ತಡೆಹಿಡಿದ ಹಣ ನಿಮಗೆ ಬರುತ್ತದೆ. ನಿರಾಕರಿಸಿದರೆ ಮೇಲ್ಮನವಿ ಹಾಕಬಹುದು. ಅದಕ್ಕೆ ಅವರು 7 ದಿನದಲ್ಲಿ ಉತ್ತರಿಸಬೇಕು. ಆದರೆ ಈ ಹಂತದಲ್ಲಿ ಎಚ್ಚರ ಬೇಕು. ಮೇಲ್ಮನವಿಯನ್ನೂ ಒಪ್ಪದೆ ಅವರು ವಿಡಿಯೊ ತೆಗೆಸಿದರೆ ಚಾನೆಲ್‌ಗೆ ಸ್ಟ್ರೈಕ್ ಬೀಳಬಹುದು. ಒಂದು ಸ್ಟ್ರೈಕ್ ಮುಗಿಯಲು 90 ದಿನ ಬೇಕು, ಕಾಪಿರೈಟ್ ಸ್ಕೂಲ್ ಎಂಬ ಪಾಠವನ್ನೂ ಮುಗಿಸಿರಬೇಕು. ಆ ಅವಧಿಯಲ್ಲಿ ಮೂರು ಬಿದ್ದರೆ ಚಾನೆಲ್ಲೇ ಮುಚ್ಚಿಹೋಗಬಹುದು. ವಿಡಿಯೊ ಅಳಿಸಿದರೂ ಬಿದ್ದ ಸ್ಟ್ರೈಕ್ ಹೋಗುವುದಿಲ್ಲ.

ಅದಕ್ಕೇ ಲೈಸೆನ್ಸ್ ಇಲ್ಲದವರು ತಕರಾರಿನ ದಾರಿಗೆ ಹೋಗಲೇಬಾರದು. ಅವರಿಗೆ ಸ್ಟುಡಿಯೊದಲ್ಲೇ ಬೇರೆ ದಾರಿ ಇದೆ. ಆ ಭಾಗ ಕತ್ತರಿಸಬಹುದು, ಹಾಡನ್ನು ಮ್ಯೂಟ್ ಮಾಡಬಹುದು, ಇಲ್ಲವೇ ಯೂಟ್ಯೂಬ್‌ನ ಆಡಿಯೊ ಲೈಬ್ರರಿಯ ಬೇರೆ ಸಂಗೀತ ಹಾಕಬಹುದು. ವಿಡಿಯೊದ ಲಿಂಕ್, ವೀಕ್ಷಣೆ ಎರಡೂ ಹಾಗೇ ಉಳಿಯುತ್ತವೆ.

ನನ್ನ ಕ್ಲೈಮ್ ಎರಡು ವಾರದಲ್ಲಿ ಬಿಟ್ಟುಹೋಯಿತು, 1ನೇ ತಾರೀಖಿನಿಂದ ತಡೆದಿಟ್ಟ ಹಣವೂ ಬಂತು. ಈಗ ಹೊಸ ವಿಡಿಯೊವನ್ನು ಮೊದಲು `Private` ಆಗಿ ಹಾಕುತ್ತೇನೆ. `Checks` ಹಂತದಲ್ಲಿ ಕ್ಲೈಮ್ ಕಂಡರೆ, ಅದು ಬಗೆಹರಿದ ಮೇಲಷ್ಟೇ ಪ್ರಕಟಿಸುತ್ತೇನೆ.