ಓಟೋ ಚಕ್ರದ ಚಿತ್ರವನ್ನು ಓದುವುದು ಹೇಗೆ?

ಪೆಟ್ರೋಲ್ ಎಂಜಿನ್ ಪಾಠದ ಸ್ಲೈಡುಗಳಲ್ಲಿ ಓಟೋ ಚಕ್ರದ ಚಿತ್ರ ತಪ್ಪದೇ ಬರುತ್ತದೆ. ಎರಡು ನೆಟ್ಟನೆಯ ಗೆರೆ, ಅವುಗಳ ನಡುವೆ ಎರಡು ಬಾಗಿದ ಗೆರೆ. ಸೂತ್ರಗಳ ಕಡೆ ಹೋಗುವ ಮೊದಲು ಅಕ್ಷಗಳನ್ನು ನೋಡಿ. ಅಡ್ಡಕ್ಕಿರುವುದು ಸಿಲಿಂಡರಿನೊಳಗಿನ ಗಾಳಿಯ ಗಾತ್ರ, ನಿಂತಿರುವುದು ಅದರ ಒತ್ತಡ. ಕಾಲ ಈ ಚಿತ್ರದಲ್ಲಿ ಎಲ್ಲಿಯೂ ಇಲ್ಲ.

ಈಗ ಬೆರಳಿಟ್ಟು ಬಾಣದ ಜೊತೆ ಸಾಗಿ. ಬಿಂದು 1ರಲ್ಲಿ ಪಿಸ್ಟನ್ ಕೆಳಗಿದೆ; ಗಾಳಿ 0.8 ಲೀಟರ್, ಒತ್ತಡ 100 ಕಿಲೋಪಾಸ್ಕಲ್ ಎಂದುಕೊಳ್ಳೋಣ. ಪಿಸ್ಟನ್ ಮೇಲೇರಿ ಗಾಳಿಯನ್ನು 0.1 ಲೀಟರಿಗೆ ಅದುಮಿದಾಗ ಒತ್ತಡ ಸುಮಾರು 1,838ಕ್ಕೆ ಏರುತ್ತದೆ. ಅದು ಬಿಂದು 2. ಅಲ್ಲಿ ಉಷ್ಣ ಕೊಟ್ಟು ತಾಪವನ್ನು ಕೆಲ್ವಿನ್ ಲೆಕ್ಕದಲ್ಲಿ ಮೂರು ಪಟ್ಟು ಮಾಡಿದರೆ ಒತ್ತಡವೂ ಮೂರು ಪಟ್ಟಾಗಿ 5,514 ತಲುಪುತ್ತದೆ. ಇದು ಬಿಂದು 3. ಬಿಸಿ ಗಾಳಿ ಹಿಗ್ಗುತ್ತ ಪಿಸ್ಟನ್ನನ್ನು ಕೆಳಗೆ ತಳ್ಳಿ 4ಕ್ಕೆ ಬಂದಾಗ ಒತ್ತಡ 300. ಉಳಿದ ಉಷ್ಣ ಹೊರಹೋಗಿ ಮತ್ತೆ 1.

ಇನ್ನು ವಿಸ್ತೀರ್ಣದ ಮಾತು. ಪಿಸ್ಟನ್ನಿನ ಮೇಲಿನ ಬಲವೆಂದರೆ ಒತ್ತಡ ಗುಣಿಸು ಅದರ ಮುಖದ ವಿಸ್ತೀರ್ಣ. ಅದನ್ನು ಸರಿದ ದೂರದಿಂದ ಗುಣಿಸಿದರೆ ಕೆಲಸ ಸಿಗುತ್ತದೆ. ಮುಖದ ವಿಸ್ತೀರ್ಣ ಮತ್ತು ದೂರ ಸೇರಿದರೆ ಗಾತ್ರದ ಬದಲಾವಣೆ. ಆದ್ದರಿಂದ ಗೆರೆಯಿಂದ ಅಡ್ಡ ಅಕ್ಷದವರೆಗೆ ಇಳಿಯುವ ಪ್ರತಿಯೊಂದು ತೆಳು ಪಟ್ಟಿಯೂ ಒಂದಿಷ್ಟು ಕೆಲಸವೇ. 3ರಿಂದ 4ರವರೆಗಿನ ಗೆರೆಯ ಕೆಳಗೆ ಸುಮಾರು 778 ಜೌಲ್ ಇದೆ, ಅದು ಗಾಳಿ ಕೊಟ್ಟದ್ದು. 1ರಿಂದ 2ರವರೆಗಿನ ಗೆರೆಯ ಕೆಳಗಿನ 259 ಜೌಲ್ ಅದುಮಲು ನಾವು ತೆತ್ತದ್ದು. ಕಳೆದರೆ ಕೆಳಗಿನ ಭಾಗ ಹೊರಟುಹೋಗಿ ಕುಣಿಕೆಯೊಳಗಿನ 519 ಜೌಲ್ ಮಾತ್ರ ಉಳಿಯುತ್ತದೆ. ಒಂದು ಸುತ್ತಿನ ನಿವ್ವಳ ಗಳಿಕೆ ಇಷ್ಟೇ.

ಸೂತ್ರ ಬೇಡವೆನ್ನುವವರು ಚೌಕಗಳನ್ನು ಎಣಿಸಬಹುದು. ಒಂದು ಚೌಕ ಅಗಲಕ್ಕೆ 0.1 ಲೀಟರ್, ಎತ್ತರಕ್ಕೆ 500 ಕಿಲೋಪಾಸ್ಕಲ್ ಆದರೆ ಅದರ ಬೆಲೆ 50 ಜೌಲ್. ಕುಣಿಕೆಯೊಳಗೆ ಅರೆಬರೆ ಚೌಕಗಳನ್ನೂ ಕೂಡಿಸಿದರೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಸಿಗಬೇಕು. ಹದಿನೈದು ಹದಿನಾರು ಬಂದರೆ ಅಕ್ಷದವರೆಗೂ ಎಣಿಸಿದ್ದೀರೇನೋ ನೋಡಿ.

ಪರೀಕ್ಷೆಯಲ್ಲಿ ಹೆಚ್ಚಾಗಿ ಎಡವುವುದು ಇಲ್ಲಿ: ಈ ವಿಸ್ತೀರ್ಣವನ್ನು ಕೊಟ್ಟ ಉಷ್ಣವೆಂದು ಬರೆದುಬಿಡುವುದು. ಉಷ್ಣ ಒಳಬರುವುದು 2ರಿಂದ 3ರ ನೆಟ್ಟನೆಯ ಗೆರೆಯಲ್ಲಿ, ಅದರ ಕೆಳಗೆ ವಿಸ್ತೀರ್ಣವೇ ಇಲ್ಲ, ಏಕೆಂದರೆ ಗಾತ್ರ ಬದಲಾಗಿಲ್ಲ. ನಮ್ಮ ಲೆಕ್ಕದಲ್ಲಿ ಒಳಬಂದ ಉಷ್ಣ 919 ಜೌಲ್, ಹೊರಹೋದದ್ದು 400. ವ್ಯತ್ಯಾಸ ಅದೇ 519. ದಕ್ಷತೆ ಶೇ 56ರಷ್ಟು. ಕುಣಿಕೆಯ ವಿಸ್ತೀರ್ಣವನ್ನು ಮಾತ್ರ ನೋಡಿ ಈ ದಕ್ಷತೆಯನ್ನು ಹೇಳಲಾಗದು.

ಬಾಣದ ದಿಕ್ಕನ್ನೂ ಮರೆಯಬೇಡಿ. ಗಡಿಯಾರದ ಮುಳ್ಳಿನಂತೆ ತಿರುಗಿದರೆ ಕೆಲಸ ಹೊರಬರುತ್ತದೆ, ಎದುರು ತಿರುಗಿದರೆ ಅಷ್ಟನ್ನು ನಾವೇ ಕೊಡಬೇಕು. ನಿಜವಾದ ಎಂಜಿನ್ನಿನಲ್ಲಿ ಅಳೆದ ಚಿತ್ರದ ಮೂಲೆಗಳು ದುಂಡಗಿದ್ದು ಕುಣಿಕೆ ಚಿಕ್ಕದಾಗಿರುತ್ತದೆ. ಗಾಳಿಯನ್ನು ಎಳೆದುಕೊಂಡು ಹೊಗೆಯನ್ನು ಹೊರದೂಡುವ ಇನ್ನೊಂದು ತೆಳು ಕುಣಿಕೆಯೂ ಅಡಿಯಲ್ಲಿ ಕಾಣುತ್ತದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಅರೆ ಮುಚ್ಚಿರುವಾಗ ಅದು ದಪ್ಪಗಾಗುತ್ತದೆ, ಎದುರು ದಿಕ್ಕಿಗೆ ತಿರುಗುತ್ತದೆ; ಹಾಗಾಗಿ ಅದರ ವಿಸ್ತೀರ್ಣವನ್ನು ದೊಡ್ಡ ಕುಣಿಕೆಯಿಂದ ಕಳೆಯಬೇಕು.