ಬೋರ್ಡ್ ಬದಲಿಸದೆ ಬ್ಲೂಟೂತ್ ಡಾಂಗಲ್ ಎಬ್ಬಿಸಿದ್ದು

ಹೆಡ್‌ಸೆಟ್ಟಿಗೆ ಹಾಕುವ ಬ್ಲೂಟೂತ್ ಡಾಂಗಲ್ ಏಳುತ್ತಿಲ್ಲ ಅಂದದ್ದಕ್ಕೆ ಶಿವಮೊಗ್ಗದ ಅಂಗಡಿಯೊಂದರಲ್ಲಿ "ಬೋರ್ಡೇ ಹೋಗಿದೆ" ಎಂದು ಹೇಳಿ ಕಳಿಸಿದ ಡೆಸ್ಕ್‌ಟಾಪ್ ಅದೇ ಬೋರ್ಡಿನಲ್ಲಿ ಈಗ ಸಾಗರದ ಅಡಿಕೆ ಮಂಡಿಯಲ್ಲಿ ಓಡುತ್ತಿದೆ. ಬೋರ್ಡ್ ಬದಲಿಸಲು ಅಂಗಡಿಯವರು ಕೇಳಿದ್ದು ಹತ್ತಿರ ಹತ್ತಿರ 5,000 ರೂಪಾಯಿ. ನನ್ನ ಕೈಯಲ್ಲಿ ಮುಗಿದದ್ದು ಸುಮಾರು 500ಕ್ಕೆ.

ಕಂಪ್ಯೂಟರಿನ ಮುಂಭಾಗದ ಯುಎಸ್‌ಬಿ ಪೋರ್ಟಿಗೆ ಡಾಂಗಲ್ ಹಾಕಿದರೆ `Device Descriptor Request Failed`, ಕೋಡ್ 43. "ಅದೇ ಪೋರ್ಟಲ್ಲಿ ಮೌಸ್ ನಡೀತದಲ್ಲ ಸಾರ್" ಎಂದರು ಮಂಡಿಯ ಗುಮಾಸ್ತರು. ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯ ಮೌಸ್ ಓಡುವುದು 1.5 ಮೆಗಾಬಿಟ್ ವೇಗದಲ್ಲಿ, ಡಾಂಗಲ್ 12ರಲ್ಲಿ. ಕೆಟ್ಟ ಪಿನ್ನನ್ನು ಮೌಸ್ ಸಹಿಸಿಕೊಳ್ಳುತ್ತದೆ, ಡಾಂಗಲ್ ಸಹಿಸುವುದಿಲ್ಲ. ನಮ್ಮ ಮಳೆಗಾಲಕ್ಕೆ ಪಿನ್ ಹಸಿರುಗಟ್ಟಿತ್ತು. ಯಾವುದರಿಂದ ತೊಳೆದೆ ಅಂತ ಮಾತ್ರ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಡಾಂಗಲನ್ನು ಹಿಂಭಾಗದ ಪೋರ್ಟಿಗೆ ಹಾಕಿದಾಗ 43 ಹೋಯಿತು. `CSR8510 A10` ಎಂಬ ಚಿಪ್ಪಿನ ಹೆಸರು ಬಂತು, ಪಕ್ಕದಲ್ಲಿ ಹಳದಿ ಗುರುತು, ಈಗ ಕೋಡ್ 10. ಅಂದರೆ ಕಂಪ್ಯೂಟರಿಗೆ ಡಾಂಗಲ್ ಕಾಣಿಸುತ್ತಿದೆ, ಆದರೆ ಅದು ಶುರುವಾಗುತ್ತಿಲ್ಲ. ತಪ್ಪು ಬೋರ್ಡಿನದ್ದಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. ಗುಮಾಸ್ತರು ಡ್ರೈವರ್ ಹುಡುಕುವ ಸಾಫ್ಟ್‌ವೇರಿಗೆ ಆಗಲೇ 800 ರೂಪಾಯಿ ಸುರಿದಿದ್ದರು. ನಾನೂ ಹಳೆ ಡ್ರೈವರ್ ಕಿತ್ತು ಹೊಸದು ಹಾಕಿದೆ. ಏನೂ ಬದಲಾಗಲಿಲ್ಲ.

ಡಾಂಗಲಿನ ಐಡಿ `VID_0A12&PID_0001`. ಅಸಲಿ CSR ಚಿಪ್ಪಿಗೂ ನಕಲಿಗೂ ಇದೇ ಐಡಿ ಇರುವುದರಿಂದ ಇದನ್ನು ನೋಡಿ ನಂಬಬೇಡಿ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಕೇಳಿದೆ:

```
sudo dmesg | grep -i csr
```

`Unbranded CSR clone detected` ಎಂದು ಬಂತು, ಅಂದರೆ ಚಿಪ್ಪು ನಕಲಿ. ಡಬ್ಬಿಯ ಮೇಲೆ ಬೇರೆ ಬ್ಲೂಟೂತ್ 5.0 ಅಂತ ಅಚ್ಚು! ಅಸಲಿ 8510 ಕೂಡ 4.0 ಮಾತ್ರ ಅಲ್ವಾ? ಲಿನಕ್ಸ್ ಇಂಥ ನಕಲಿಗೆ ಒಳಗೇ ಉಪಾಯ ಮಾಡಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಅದು ಎದ್ದಿತು. ಮಂಡಿಯ ಲೆಕ್ಕವೆಲ್ಲ ವಿಂಡೋಸಿನಲ್ಲಿ, ಅಲ್ಲಿ ಏಳಲೇ ಇಲ್ಲ.

ಕೊನೆಗೆ 400 ರೂಪಾಯಿ ಆಸುಪಾಸಿನ ರಿಯಲ್‌ಟೆಕ್ ಚಿಪ್ಪಿನ ಡಾಂಗಲ್ ತಂದೆ. ಐಡಿ `0BDA:8771`. ಅದರದ್ದೇ ಡ್ರೈವರ್ ಹಾಕಿದ್ದೇ ತಡ, ಹೆಡ್‌ಸೆಟ್ ಜೋಡಿಯಾಯಿತು. ಅದೇ ಡಾಂಗಲನ್ನು ಪಿನ್ ತೊಳೆದಿದ್ದ ಮುಂಭಾಗದ ಪೋರ್ಟಿಗೂ ಹಾಕಿ ನೋಡಿದೆ, ಅಲ್ಲೂ ನಡೆಯಿತು.

ಸುಮ್ನೆ ಇನ್ನೊಂದು ಪರೀಕ್ಷೆ ಮಾಡಿದೆ. ಹಿಂದಿನ ನೀಲಿ ಪೋರ್ಟಿನಲ್ಲಿ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇತ್ತು. ಪಕ್ಕದಲ್ಲೇ ಡಾಂಗಲ್ ಹಾಕಿ ಫೈಲ್ ಕಾಪಿ ಮಾಡಿದರೆ ಧ್ವನಿ ತುಂಡು ತುಂಡು. ಯುಎಸ್‌ಬಿ 3ರ ಗದ್ದಲ ಬ್ಲೂಟೂತಿನ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತದೆ. ಮೊಳದುದ್ದದ ಹಳೆ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲನ್ನು ಮೇಜಿನ ಮೇಲೆ ತಂದಿಟ್ಟೆ. ಈಗ ಗುಮಾಸ್ತರು ತೂಕದ ಜಾಗದವರೆಗೂ ಮಾತಾಡುತ್ತ ಹೋಗುತ್ತಾರೆ.

ನಕಲಿ ಡಾಂಗಲ್ ನನ್ನ ಹತ್ತಿರವೇ ಇದೆ. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಮೌಸ್‌ಗೆ ಸಾಕು, ಹಾಡಿಗೆ ಆಗಲ್ಲ.