ತಿಂಡಿ ಬಾಕ್ಸ್ ಚಂದಾ: ಶುರು ಮಾಡುವ ಮೊದಲಿನ ಲೆಕ್ಕ

ಬೇರೆ ಬೇರೆ ಪ್ರದೇಶಗಳ ತಿಂಡಿಗಳನ್ನು ಬಾಕ್ಸಿಗೆ ತುಂಬಿ, ಪ್ರತಿ ತಿಂಗಳೂ ಚಂದಾದಾರರ ಮನೆಗೆ ಕಳಿಸಬೇಕು ಅಂತಿದ್ದೀರಾ? ಯಾವ ತಿಂಡಿ ಹಾಕೋದು ಅನ್ನುವ ಪಟ್ಟಿಯನ್ನು ಸ್ವಲ್ಪ ಬದಿಗಿಡಿ. ಮೊದಲು ಒಂದು ಖಾಲಿ ಬಾಕ್ಸ್ ಮತ್ತು ಅಳತೆಯ ಟೇಪು ತೆಗೆದುಕೊಳ್ಳಿ.

ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ ಲೆಕ್ಕದಲ್ಲಿ ಗಾತ್ರದ ತೂಕ. ಎರಡು ತೂಕಗಳಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ಕುರುಕಲು ತಿಂಡಿ ಹಗುರ, ಪೊಟ್ಟಣದ ತುಂಬ ಗಾಳಿ. ಹಾಗಾಗಿ ಪೆಟ್ಟು ಬೀಳುವುದು ಇಲ್ಲೇ.

ನಿಮ್ಮ ಬಾಕ್ಸ್ 30×25×12 ಅಂದುಕೊಳ್ಳಿ. ಗುಣಿಸಿದರೆ 9000, ಭಾಗಿಸಿದರೆ 1.8 ಕಿಲೋ. ಒಳಗಿರುವ ತಿಂಡಿ, ರಟ್ಟು ಎಲ್ಲ ಸೇರಿ 900 ಗ್ರಾಂ ಇದ್ದರೂ, ಅರ್ಧ ಕಿಲೋ ಹಂತದಲ್ಲಿ ದರ ಹಾಕುವ ಕೊರಿಯರ್ 2 ಕಿಲೋಗೆ ದುಡ್ಡು ಕೇಳುತ್ತದೆ. ಅದೇ ಬಾಕ್ಸ್ 30×20×8 ಆದರೆ 0.96 ಕಿಲೋ, ಅಂದರೆ 1 ಕಿಲೋ ದರ. ಅಳೆಯುವಾಗ ಹೊರಗಿನ ಅಳತೆಯನ್ನೇ ಹಿಡಿಯಿರಿ. ಜಾಸ್ತಿ ತುಂಬಿ ಮುಚ್ಚಳ ಉಬ್ಬಿದರೆ ಉಬ್ಬಿದ ಜಾಗದಲ್ಲೇ ಅಳೆಯುತ್ತಾರೆ. ಇಲ್ಲಿ ಒಂದು ಸೆಂಟಿಮೀಟರ್ ಉಬ್ಬಿದರೂ ಲೆಕ್ಕ 1 ಕಿಲೋ ದಾಟುತ್ತದೆ!

ಈಗ ತಿಂಡಿ ಆರಿಸಿ. ಚಪ್ಪಟೆಯಾಗಿ ಕೂರುವ, ಮುರಿದರೂ ರುಚಿ ಕೆಡದ ತಿಂಡಿಗೆ ಮೊದಲ ಸ್ಥಾನ. ಮೆತ್ತಗಿನದನ್ನೂ ಗರಿಗರಿಯಾದದ್ದನ್ನೂ ಒಂದೇ ಪೊಟ್ಟಣಕ್ಕೆ ಹಾಕಬೇಡಿ. ಮೆತ್ತಗಿನದರ ತೇವ ಗರಿಗರಿಯಾದದ್ದಕ್ಕೆ ಹತ್ತಿ, ಮನೆ ತಲುಪುವಷ್ಟರಲ್ಲಿ ಅದರ ಗರಿಗರಿ ಹೋಗಿರುತ್ತದೆ.

ಮುಂದಿನದು ಖರ್ಚು. ತೆರಿಗೆ ಕಳೆದು ನಿಮ್ಮ ಕೈಗೆ ಬರುವ ಬೆಲೆಯನ್ನು 100 ಅಂತಿಟ್ಟುಕೊಳ್ಳಿ, ಲೆಕ್ಕ ಸುಲಭ. ತಿಂಡಿಗೆ 38, ಬಾಕ್ಸ್ ಮತ್ತು ಪ್ಯಾಕಿಂಗ್ ಕೂಲಿಗೆ 9, ಕೊರಿಯರ್‌ಗೆ 22, ಹಣ ಪಾವತಿಯ ಕಮಿಷನ್ 3, ಒಡೆದುಹೋದ ಬಾಕ್ಸುಗಳಿಗೆ ಬದಲಿ ಕಳಿಸಲು 3. ಒಟ್ಟು 75, ಉಳಿಯುವುದು 25. ಮೊದಲಿನ ದೊಡ್ಡ ಬಾಕ್ಸನ್ನೇ ಇಟ್ಟುಕೊಂಡು ಕೊರಿಯರ್ 38ಕ್ಕೆ ಏರಿದ್ದರೆ? ಉಳಿಯುತ್ತಿದ್ದದ್ದು ಬರೀ 9.

ಆದರೆ ಈ 25 ಎಷ್ಟು ಸಲ ಬರುತ್ತದೆ? ಚಂದಾದಾರರು ಬಿಟ್ಟುಹೋಗುವುದನ್ನು ಚರ್ನ್ ಅನ್ನುತ್ತಾರೆ. ತಿಂಗಳಿಗೆ ಶೇ 20 ಜನ ಬಿಟ್ಟರೆ, 1ನ್ನು 0.20ರಿಂದ ಭಾಗಿಸಿ, ಸರಾಸರಿ ಒಬ್ಬರು 5 ಬಾಕ್ಸ್ ಕೊಳ್ಳುತ್ತಾರೆ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಶುರುವಿಗೆ ಮೊದಲು ಇದನ್ನು ನಂಬುವುದು ನನಗಂತೂ ಸರಿ ಕಾಣುವುದಿಲ್ಲ. ಆ ಶೇ 20 ಬಂದದ್ದೆಲ್ಲಿಂದ, ಸುಮ್ನೆ ಊಹೆ ಅಲ್ವಾ? ಅದೂ ಅಲ್ಲದೆ ಜನ ಪ್ರತಿ ತಿಂಗಳೂ ಒಂದೇ ಲೆಕ್ಕದಲ್ಲಿ ಬಿಡುವುದಿಲ್ಲ. ಕುತೂಹಲಕ್ಕೆ ಸೇರಿದವರು ಮೊದಲ ಬಾಕ್ಸಿಗೇ ಕೈಬಿಡುತ್ತಾರೆ.

ಅದಕ್ಕೇ ಸಣ್ಣದೊಂದು ಪರೀಕ್ಷೆ ಮಾಡಿ. ಪರಿಚಯವಿಲ್ಲದ 40 ಜನರಿಂದ ಪೂರ್ತಿ ಬೆಲೆ ಪಡೆದು 4 ತಿಂಗಳು ಕಳಿಸಿ. ನೆಂಟರು, ಗೆಳೆಯರು ಬೇಡ. ಅವರು ದಾಕ್ಷಿಣ್ಯಕ್ಕೆ ಉಳಿದುಕೊಳ್ಳುತ್ತಾರೆ. ಮೊದಲ ತಿಂಗಳು 40 ಬಾಕ್ಸ್, ಆಮೇಲೆ 28, 23, 20 ಹೋದವು ಅನ್ನಿ. ಒಟ್ಟು 111, ತಲೆಗೆ ಸುಮಾರು 2.8 ಬಾಕ್ಸ್. 25ರಂತೆ ಒಬ್ಬರಿಂದ ಬಂದದ್ದು 70.

ಒಬ್ಬ ಹೊಸ ಚಂದಾದಾರರನ್ನು ತರಲು ಜಾಹೀರಾತಿಗೆ 60, ಮೊದಲ ಬಾಕ್ಸ್ ಅರ್ಧ ಬೆಲೆಗೆ ಕೊಟ್ಟು 50 ಖರ್ಚು ಮಾಡುವ ಯೋಜನೆಯಿದ್ದರೆ ಒಟ್ಟು 110. ನಾಲ್ಕು ತಿಂಗಳಾದರೂ 40 ಬಾಕಿ. ಉಳಿದವರು ಮುಂದೆ ತೀರಿಸಬಹುದು, ಆದರೆ ಅಲ್ಲಿಯವರೆಗೆ ಸೇರಿದ ಪ್ರತಿಯೊಬ್ಬರ ಹೆಸರಲ್ಲೂ ನಿಮ್ಮ ದುಡ್ಡು ಹೊರಗಿರುತ್ತದೆ. ಜಾಸ್ತಿ ಜನ ಸೇರಿದಷ್ಟೂ ಕೈ ಖಾಲಿ. ರಿಯಾಯಿತಿ 20, ಜಾಹೀರಾತು 50ಕ್ಕೆ ಇಳಿಸಿದರೆ ಪರೀಕ್ಷೆಯಲ್ಲಿ ಕಂಡ 70ರಲ್ಲೇ ಮುಗಿಯುತ್ತದೆ. ಅಷ್ಟರಲ್ಲಿ ಜನ ಸಿಗದಿದ್ದರೆ ಶುರು ಮಾಡುವುದನ್ನು ಮುಂದೂಡಿ. 40 ಜನರ ಗುಂಪಿನಲ್ಲಿ ಒಬ್ಬರೆಂದರೆ ಶೇ 2.5, ಹಾಗಾಗಿ ನಾಲ್ಕೈದು ಜನ ಹೆಚ್ಚು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದೂ ಒಮ್ಮೆ ಹಾಕಿ ನೋಡಿ.

ಬಿಟ್ಟ 20 ಜನರಿಗೂ ಫೋನ್ ಮಾಡಿ. ರುಚಿ ಹಿಡಿಸಲಿಲ್ಲ ಅಂದರೆ ತಿಂಡಿ ಬದಲಿಸಬೇಕು. "ಹಿಂದಿನ ಬಾಕ್ಸೇ ಇನ್ನೂ ಮುಗಿದಿಲ್ಲ" ಅಂದರೆ ತಿಂಡಿಯದ್ದೇನೂ ತಪ್ಪಿಲ್ಲ, ಎರಡು ತಿಂಗಳಿಗೊಂದು ಬಾಕ್ಸ್ ಅಥವಾ ಒಂದು ತಿಂಗಳು ಬೇಡ ಅನ್ನುವ ಅವಕಾಶ ಕೊಟ್ಟರೆ ಸಾಕು. ಕೆಲವರಿಗೆ ತಾವು ಬಿಟ್ಟಿದ್ದೇ ಗೊತ್ತಿರುವುದಿಲ್ಲ. ಕಾರ್ಡಿನ ಅವಧಿ ಮುಗಿದು ಹಣ ಕಡಿತವಾಗಿರುವುದಿಲ್ಲ ಅಷ್ಟೆ. ಅಂಥವರಿಗೆ ಮುಂದಿನ ಬಾಕ್ಸ್ ಕಟ್ಟುವ ಮೂರು ದಿನ ಮೊದಲೇ ಒಂದು ಮೆಸೇಜ್ ಹೋಗುವಂತೆ ಮಾಡಿಡಿ.